ದೊಡ್ಡಪ್ಪ ಅದೇ ಕಂಬದ ಹತ್ರ ಯಾಕೆ ನಿಲ್ತಿದ್ರು? ನಡೆದಾಗ ಬರುವ ಕಾಲು ನೋವು ಮತ್ತು ಹೃದಯ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಸ್ವಲ್ಪ ಮನೆ ಕಥೆ ಹೇಳ್ತೇನೆ. ಕಳೆದ ಸಂಚಿಕೆಯಲ್ಲಿ ಆರೋಗ್ಯ ವಿಮೆ ಬಗ್ಗೆ ಮಾತಾಡಿದ್ದೆ, ಅದರ ಮುಂದುವರಿದ ಭಾಗ ಅಂತ ಕಾಯ್ತಾ ಇದ್ದವರು ಒಂದು ವಾರ ತಡ್ಕೊಳ್ಳಿ. ಇದು ಹೆಚ್ಚು ಅರ್ಜೆಂಟ್ ಅಂತ ನನಗೆ ಅನ್ನಿಸ್ತು.

ಮೊದಲೇ ಹೇಳಿಬಿಡ್ತೇನೆ, ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಮಾಡಿದವನು. ಆದರೆ ಕಳೆದ ಒಂದೂವರೆ ವರ್ಷ ನಮ್ಮ ದೊಡ್ಡಪ್ಪನ ಫೈಲ್ ಹಿಡ್ಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋದವನೂ ನಾನೇ. ಅಲ್ಲಿ ಡಾಕ್ಟರ್‌ಗಳ ಹತ್ರ ಕೇಳಿ ತಿಳ್ಕೊಂಡದ್ದು, ಆಮೇಲೆ ಕೂತು ಓದಿದ್ದು, ಎರಡನ್ನೂ ಸೇರಿಸಿ ಹೇಳ್ತಾ ಇದ್ದೇನೆ. ದೊಡ್ಡಪ್ಪನ ಒಪ್ಪಿಗೆ ಇದೆ. "ಹೆಸ್ರ್ ಮಾತ್ರ ಹಾಕ್ಬೇಡ ಮಾರಾಯ" ಅಂದಿದ್ದಾರೆ.

ನಮ್ಮದು ಕುಂಭಾಶಿ. ಆನೆಗುಡ್ಡೆ ವಿನಾಯಕನ ಊರು ಅಂದ್ರೆ ಎಲ್ಲರಿಗೂ ಗೊತ್ತಾಗ್ತದೆ. ಹೆದ್ದಾರಿಯಿಂದ ದೇವಸ್ಥಾನಕ್ಕೆ ಹೋಗೋ ದಾರಿ ಸ್ವಲ್ಪ ಏರು. ದೊಡ್ಡಪ್ಪ ಇಪ್ಪತ್ತೈದು ವರ್ಷ ಮುಂಬೈಯಲ್ಲಿ ಹೋಟೆಲಿನಲ್ಲಿದ್ದು, ಊರಿಗೆ ಬಂದ ಮೇಲೆ ದಿನಾ ಬೆಳಿಗ್ಗೆ ಆ ಏರು ಹತ್ತಿ ಕೈ ಮುಗಿದು ಬರೋದು ಅಭ್ಯಾಸ ಮಾಡ್ಕೊಂಡಿದ್ರು. ವಯಸ್ಸು 61. ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ ಇದೆ. ಬೀಡಿ ಮುಂಬೈ ಕಾಲದ್ದು, ಹೋಟೆಲಿನ ಹಿಂದಿನ ಬಾಗಿಲಲ್ಲಿ ಶುರುವಾದದ್ದು, ಊರಿಗೆ ಬಂದರೂ ಬಿಟ್ಟಿರಲಿಲ್ಲ.

ಒಂದು ಸಂಕಷ್ಟಿ ದಿನ ನಾನೂ ಅವರ ಜೊತೆ ಹೊರಟೆ. ಮಾತಾಡ್ತಾ ಹೋಗ್ತಾ ಇದ್ದೇವೆ, ಒಂದು ಲೈಟ್ ಕಂಬದ ಹತ್ರ ಬಂದು ನಿಂತ್ಕೊಂಡ್ರು. ಕಂಬಕ್ಕೆ ಕೈ ಕೊಟ್ಟು, ಫೋನ್ ತೆಗೆದು ನೋಡೋ ಹಾಗೆ ಮಾಡಿದ್ರು. ಎರಡು ಮೂರು ನಿಮಿಷ ಆದ ಮೇಲೆ "ಹೋಪ" ಅಂದ್ರು. ಬರುವಾಗ ಇಳಿಜಾರು, ನಿಲ್ಲಲಿಲ್ಲ. ಮರುದಿನ ಹೋದಾಗಲೂ ಅದೇ ಕಂಬ. ನಾನು ಕೇಳಿದೆ, "ದೊಡ್ಡಪ್ಪ, ಎಂತ ಆಯ್ತು?" ಅವರು, "ಎಂತಾ ಇಲ್ಲೆ. ಇಲ್ಲಿಗೆ ಬಪ್ಪತಿಗೆ ಬಲಗಾಲ್ ಮೀನಖಂಡ ಹಿಡ್ಕಂಡಂಗ್ ಆತ್ತ್. ಸ್ವಲ್ಪ ನಿಂತ್ರೆ ಸಮ ಆತ್ತ್" ಅಂದ್ರು.

ಆ ಒಂದು ವಾಕ್ಯದಲ್ಲಿ ರೋಗದ ಮುಕ್ಕಾಲು ಭಾಗ ಇತ್ತು. ನನಗೆ ಆಗ ಗೊತ್ತಿರಲಿಲ್ಲ. ನಡೆದಾಗ ಮಾತ್ರ ನೋವು. ಹೆಚ್ಚು ಕಡಿಮೆ ಅಷ್ಟೇ ದೂರಕ್ಕೆ ಬರ್ತದೆ. ಏರಿನಲ್ಲಿ ಬೇಗ ಬರ್ತದೆ. ನಿಂತರೆ ಸಾಕು, ಕೂರಬೇಕು ಅಂತ ಇಲ್ಲ, ಕೆಲವೇ ನಿಮಿಷದಲ್ಲಿ ಪೂರ್ತಿ ಹೋಗ್ತದೆ. ಮತ್ತೆ ಅಷ್ಟು ದೂರ ನಡೆದರೆ ಮತ್ತೆ ಹಾಜರು. ಇದಕ್ಕೆ ಡಾಕ್ಟರ್‌ಗಳು ಕ್ಲಾಡಿಕೇಶನ್ ಅಂತಾರೆ. ಕುಂಟೋದು ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಒಂದು ತಮಾಷೆ ಏನಂದ್ರೆ, ಇದನ್ನು 1831ರಲ್ಲಿ ಫ್ರಾನ್ಸಿನ ಒಬ್ಬ ಪಶುವೈದ್ಯ, ಬೂಲೆ ಅಂತ, ವಿವರಿಸಿದ್ದು ಕುದುರೆಯಲ್ಲಿ. ಓಡಿದಾಗ ಕುಂಟೋದು, ನಿಂತರೆ ಸರಿಯಾಗೋದು. ಮನುಷ್ಯರಲ್ಲೂ ಇದೇ ಇದೆ ಅಂತ ಶಾರ್ಕೋ ಅನ್ನೋ ಪ್ರಸಿದ್ಧ ವೈದ್ಯ ಹೇಳಿದ್ದು 1858ರಲ್ಲಿ.

ಯಾಕೆ ಹೀಗೆ ಆಗ್ತದೆ ಅಂತ ನೋಡುವ. ಹೊಟ್ಟೆಯಿಂದ ಕೆಳಗೆ ಬರೋ ದೊಡ್ಡ ಅಪಧಮನಿ ಸೊಂಟದ ಹತ್ರ ಎರಡು ಕವಲಾಗಿ, ಒಂದೊಂದು ಕಾಲಿಗೆ ಒಂದೊಂದು ಹೋಗ್ತದೆ. ತೊಡೆಯಲ್ಲಿ ಇಳಿದು, ಮೊಣಕಾಲಿನ ಹಿಂದೆ ಹಾದು, ಮೀನಖಂಡಕ್ಕೆ, ಪಾದಕ್ಕೆ ರಕ್ತ ಕೊಡ್ತದೆ. ವರ್ಷಗಟ್ಟಲೆ ಹೊಗೆ, ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಸೇರಿ ಈ ಕೊಳವೆಯ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣದ ಪದರ ಕಟ್ತದೆ. ದಾರಿ ಕಿರಿದಾಗ್ತದೆ. ಸುಮ್ಮನೆ ಕೂತಾಗ ಮೀನಖಂಡದ ಸ್ನಾಯುವಿಗೆ ಬೇಕಾದ್ದು ಸ್ವಲ್ಪವೇ ರಕ್ತ, ಕಿರಿದಾದ ದಾರಿಯಲ್ಲೂ ಅಷ್ಟು ಬರ್ತದೆ. ನಡೆಯುವಾಗ ಅದಕ್ಕೆ ಎಷ್ಟೋ ಪಟ್ಟು ಹೆಚ್ಚು ಬೇಕು. ಅಷ್ಟು ಬರೋದಿಲ್ಲ. ಆಗ ಸ್ನಾಯು ನೋಯ್ತದೆ. ನಿಂತ ಕೂಡಲೇ ಬೇಡಿಕೆ ಇಳೀತದೆ, ಸಾಲ ತೀರ್ತದೆ, ನೋವು ಹೋಗ್ತದೆ. ಮನೆ ಬಾವಿಯ ಪಂಪಿನ ಪೈಪಿನಲ್ಲಿ ಕೆಸರು ಕಟ್ಟಿದ ಹಾಗೆ. ಒಂದು ನಲ್ಲಿ ಬಿಟ್ಟರೆ ನೀರು ಬರ್ತದೆ, ತೋಟಕ್ಕೆ ನಾಲ್ಕು ಕಡೆ ಒಟ್ಟಿಗೆ ಬಿಟ್ಟರೆ ಕೊನೆಯ ಗಿಡಕ್ಕೆ ಮುಟ್ಟೋದಿಲ್ಲ.

ತೊಡೆಯ ಭಾಗದಲ್ಲಿ ತಡೆ ಇದ್ದರೆ ನೋವು ಮೀನಖಂಡದಲ್ಲಿ. ಇನ್ನೂ ಮೇಲೆ, ಸೊಂಟದ ಹತ್ರ ಇದ್ದರೆ ಕುಂಡೆಯಲ್ಲಿ, ತೊಡೆಯಲ್ಲೂ ಬರಬಹುದು. ಅಂದ್ರೆ ತಡೆ ಇರೋ ಜಾಗದಲ್ಲಿ ಅಲ್ಲ, ಅದರ ಕೆಳಗೆ ನೋವು.

ಸರಿ, ಈಗ ತಪ್ಪು ಆದದ್ದು ಎಲ್ಲಿ ಅಂತ ಹೇಳ್ತೇನೆ. ಮೊದಲು ಹೋದ ಕಡೆ, ಹೆಸರು ಬೇಡ, ದೊಡ್ಡಪ್ಪ "ಕಾಲು ನೋವು" ಅಂತ ಅಷ್ಟೇ ಹೇಳಿದ್ರು. ಮೊಣಕಾಲಿನ ಎಕ್ಸ್‌ರೇ ಆಯ್ತು, ಸ್ವಲ್ಪ ಸವೆದಿದೆ ಅಂದ್ರು. 61 ವರ್ಷಕ್ಕೆ ಯಾರದ್ದು ಸವೆದಿರೋದಿಲ್ಲ ಹೇಳಿ! ಕ್ಯಾಲ್ಸಿಯಂ ಮತ್ತೆ ನರಕ್ಕೆ ಅಂತ ಬಿ ವಿಟಮಿನ್ ಮಾತ್ರೆ. ಕಡಿಮೆ ಆಗ್ಲಿಲ್ಲ. ಇನ್ನೊಂದು ಕಡೆ ಕಾಲಿನಲ್ಲಿ ಎರಡು ನೀಲಿ ರಕ್ತನಾಳ ಉಬ್ಬಿದ್ದು ನೋಡಿ "ವೇರಿಕೋಸ್" ಅಂತ ಹೇಳಿ, ಬಿಗಿಯಾದ ಉದ್ದ ಸಾಕ್ಸ್ ಬರೆದುಕೊಟ್ಟರು. ಅದನ್ನು ಹಾಕಿದ ಮೇಲೆ ಪಾದ ತಣ್ಣಗಾಗಿ, ಮರಗಟ್ಟೋಕೆ ಶುರುವಾಯ್ತು. ದೊಡ್ಡಮ್ಮ ನಾಲ್ಕನೇ ದಿನ ಅದನ್ನು ಕಿತ್ತು ಕಪಾಟಿಗೆ ಎಸೆದ್ರು. ಆಗ ನನಗೆ ದೊಡ್ಡಮ್ಮನ ಮೇಲೆ ಸಿಟ್ಟು ಬಂದಿತ್ತು, ಎರಡು ಸಾವಿರ ಚಿಲ್ಲರೆ ಕೊಟ್ಟದ್ದಲ್ವಾ. ಆದರೆ ಅವರು ಮಾಡಿದ್ದೇ ಸರಿ. ರಕ್ತ ಕಾಲಿಗೆ ಇಳಿಯೋದೇ ಕಷ್ಟ ಆಗಿರುವಾಗ ಹೊರಗಿನಿಂದ ಬಿಗಿಯೋದು ಅಪಾಯ. ಅದಕ್ಕೇ ಅಂಥ ಸಾಕ್ಸ್ ಕೊಡುವ ಮೊದಲು ಕಾಲಿನ ಅಪಧಮನಿ ಸರಿ ಇದೆಯಾ ಅಂತ ನೋಡಬೇಕು.

ಇಲ್ಲಿ ನಾವೂ ತಪ್ಪು ಮಾಡಿದ್ದೇವೆ. ಡಾಕ್ಟರ್ ಹತ್ರ "ಕಾಲು ನೋವು" ಅಂದರೆ ಅವರಿಗೆ ಹತ್ತು ಕಾರಣ ಹೊಳೀತದೆ. ಹೇಳೋ ರೀತಿ ಬೇರೆ ಇರಬೇಕು. ವೇರಿಕೋಸ್ ಆದ್ರೆ ಸಾಮಾನ್ಯವಾಗಿ ತುಂಬಾ ಹೊತ್ತು ನಿಂತು ಸಂಜೆ ಹೊತ್ತಿಗೆ ಕಾಲು ಭಾರ, ಕಾಲು ಎತ್ತಿ ಇಟ್ಟರೆ ಆರಾಮ. ಮೊಣಕಾಲು ಸವೆತ ಆದ್ರೆ ನೋವು ಗಂಟಿನಲ್ಲಿ, ಎದ್ದ ಮೊದಲ ಹೆಜ್ಜೆಗೇ ಇರ್ತದೆ. ಹೆಚ್ಚು ಗೊಂದಲ ಆಗೋದು ಬೆನ್ನುಮೂಳೆಯ ಒಳದಾರಿ ಕಿರಿದಾಗಿ ನರ ಒತ್ತಿದಾಗ. ಅದೂ ನಡೆದಾಗಲೇ ಬರ್ತದೆ! ಆದರೆ ಅದಕ್ಕೆ ನಿಂತರೆ ಸಾಲದು, ಕೂರಬೇಕು ಅಥವಾ ಮುಂದೆ ಬಗ್ಗಬೇಕು. ಅಂಥವರು ಅಂಗಡಿಯಲ್ಲಿ ಟೇಬಲ್ ಮೇಲೆ ಮೊಣಕೈ ಊರಿ ನಿಲ್ತಾರೆ, ಸೈಕಲ್ ಆರಾಮಾಗಿ ತುಳೀತಾರೆ. ದೊಡ್ಡಪ್ಪ ಕಂಬದ ಹತ್ರ ನೆಟ್ಟಗೆ ನಿಂತೇ ಸರಿ ಆಗ್ತಿದ್ರು. ಇಬ್ಬರೂ ನಿಲ್ತಾರೆ, ಆದರೆ ಹೇಗೆ ನಿಲ್ತಾರೆ ಅನ್ನೋದರಲ್ಲಿ ವ್ಯತ್ಯಾಸ.

ಮೂರನೇ ಡಾಕ್ಟರ್ ಹತ್ರ ಹೋದಾಗ ಕಂಬದ ಕಥೆ ನಾನೇ ಹೇಳಿದೆ. ಅವರು ಎಕ್ಸ್‌ರೇ ನೋಡಲೇ ಇಲ್ಲ. ಪಂಚೆ ಮೇಲೆ ಮಾಡಿಸಿ, ಎರಡೂ ಪಾದ ಮುಟ್ಟಿ ನೋಡಿದ್ರು. ಪಾದದ ಮೇಲ್ಭಾಗದಲ್ಲಿ ಒಂದು ನಾಡಿ ಇದೆ, ಒಳಗಣಕಾಲಿನ ಎಲುಬಿನ ಹಿಂದೆ ಇನ್ನೊಂದು. ಎಡಗಾಲಲ್ಲಿ ಸಿಕ್ಕಿತು, ಬಲಗಾಲಲ್ಲಿ ಎರಡೂ ಸಿಗಲಿಲ್ಲ. ಬಲಗಾಲಿನ ರೋಮ ಉದುರಿದ್ದು, ಚರ್ಮ ಮಿರುಗಿದ್ದು ಕೂಡ ಅವರು ತೋರಿಸಿದ ಮೇಲೇ ನಮಗೆ ಕಂಡದ್ದು. (ಮನೆಯಲ್ಲಿ ನೀವು ಪಾದದ ಮೇಲೆ ನಾಡಿ ಹುಡುಕಿ ಸಿಗಲಿಲ್ಲ ಅಂತ ಹೆದರಬೇಡಿ. ಆರೋಗ್ಯವಾಗಿರೋ ಕೆಲವರಿಗೂ ಆ ಜಾಗದ ನಾಡಿ ಕೈಗೆ ಸಿಗೋದಿಲ್ಲ.)

ಆಮೇಲೆ ಮಾಡಿದ ಪರೀಕ್ಷೆ ನನಗೆ ತುಂಬಾ ಇಷ್ಟ ಆಯ್ತು, ಯಾಕಂದ್ರೆ ಅದು ಒಂದು ರೇಷಿಯೋ! ಬಿ.ಕಾಂ.ನಲ್ಲಿ ಕರೆಂಟ್ ರೇಷಿಯೋ ಮಾಡಿದವರಿಗೆ ಐದು ನಿಮಿಷದ ಕೆಲಸ. ಎಬಿಐ ಅಂತಾರೆ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸೋದು. ಅಷ್ಟೇ. ಮಲಗಿಸಿ, ಸ್ವಲ್ಪ ಹೊತ್ತು ಸುಮ್ಮನಿರಿಸಿ, ಸಾಮಾನ್ಯ ಬಿಪಿ ಪಟ್ಟಿಯನ್ನೇ ಕಣಕಾಲಿನ ಮೇಲೆ ಸುತ್ತುತ್ತಾರೆ. ಸ್ಟೆತಸ್ಕೋಪ್ ಬದಲು ಪೆನ್ನಿನ ಹಾಗಿರೋ ಡಾಪ್ಲರ್ ಇಟ್ಟು ರಕ್ತ ಹರಿಯೋ ಶಬ್ದ ಕೇಳ್ತಾರೆ. ಪಟ್ಟಿಗೆ ಗಾಳಿ ತುಂಬಿ, ನಿಧಾನ ಬಿಟ್ಟಾಗ ಶಬ್ದ ಯಾವ ಅಂಕಿಗೆ ವಾಪಸ್ ಬಂತು ಅಂತ ಬರ್ಕೊಳ್ತಾರೆ. ಸೂಜಿ ಇಲ್ಲ, ನೋವಿಲ್ಲ.

ದೊಡ್ಡಪ್ಪನ ಲೆಕ್ಕ ಹೀಗಿತ್ತು. ಬಲತೋಳು 150, ಎಡತೋಳು 144. ಎರಡರಲ್ಲಿ ಹೆಚ್ಚಿನದ್ದು ತಗೋಬೇಕು, ಅಂದ್ರೆ 150. ಬಲಗಾಲಲ್ಲಿ ಎರಡು ಜಾಗದ ಅಂಕಿ 84 ಮತ್ತು 90. ಅಲ್ಲೂ ಹೆಚ್ಚಿನದ್ದು, 90. 90 ಭಾಗಿಸು 150, 0.60. ಎಡಗಾಲಲ್ಲಿ 132 ಮತ್ತು 138. 138 ಭಾಗಿಸು 150, 0.92.

ಮಾಮೂಲಿ ಮನುಷ್ಯನಿಗೆ ಮಲಗಿದಾಗ ಕಣಕಾಲಿನ ಬಿಪಿ ತೋಳಿನಷ್ಟೇ ಅಥವಾ ಸ್ವಲ್ಪ ಹೆಚ್ಚಿರ್ತದೆ. 1.00ರಿಂದ 1.40ರವರೆಗೆ ಸರಿ. 0.90 ಅಥವಾ ಅದಕ್ಕಿಂತ ಕಡಿಮೆ ಆದ್ರೆ ಕಾಲಿನ ಅಪಧಮನಿಯ ರೋಗ ಇದೆ ಅಂತ ಅರ್ಥ. ಮಧ್ಯದ್ದು ಗಡಿ. ದೊಡ್ಡಪ್ಪನ ಬಲಗಾಲಲ್ಲಿ ರೋಗ ಖಾತ್ರಿ, ನೋವೇ ಇಲ್ಲದ ಎಡಗಾಲು ಕೂಡ ಗಡಿಯಲ್ಲಿತ್ತು.

ಇಲ್ಲಿ ಒಂದು ಮೋಸ ಇದೆ, ಸಕ್ಕರೆ ಕಾಯಿಲೆಯವರು ಕೇಳ್ಕೊಳ್ಳಿ. ಬಹಳ ವರ್ಷದಿಂದ ಸಕ್ಕರೆ ಇದ್ದರೆ, ಅಥವಾ ಕಿಡ್ನಿ ತೊಂದರೆ ಇದ್ದರೆ, ಕಣಕಾಲಿನ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಅದು ಗಟ್ಟಿಯಾಗಿರ್ತದೆ. ಪಟ್ಟಿ ಎಷ್ಟು ಬಿಗಿದರೂ ನಾಳ ಅಮುಕೋದಿಲ್ಲ. ಆಗ ಅಂಕಿ ಸುಳ್ಳೇ ಹೆಚ್ಚು ತೋರಿಸ್ತದೆ, 1.40 ದಾಟಬಹುದು, ಅಥವಾ ಚೆಂದಕ್ಕೆ 1.1 ಅಂತ ಬರಬಹುದು. ರೇಷಿಯೋ ಚೆನ್ನಾಗಿದೆ, ಕಂಪನಿ ಮುಳುಗ್ತಾ ಇದೆ. ಅಂಥವರಿಗೆ ಕಾಲಿನ ಹೆಬ್ಬೆರಳಿನ ಬಿಪಿ ನೋಡ್ತಾರೆ, ಬೆರಳಿನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟೋದು ಕಡಿಮೆ. ಜೊತೆಗೆ ಸಕ್ಕರೆಯಿಂದ ನರ ಮರಗಟ್ಟಿದ್ದರೆ ನಡೆದಾಗಿನ ನೋವೇ ಗೊತ್ತಾಗೋದಿಲ್ಲ. ಸೀದಾ ಗಾಯದಲ್ಲೇ ಗೊತ್ತಾಗೋದು. ಇನ್ನೊಂದು, ಮಲಗಿದಾಗ ಅಂಕಿ ಸರಿ ಇದ್ದು ಲಕ್ಷಣ ಮಾತ್ರ ಪಕ್ಕಾ ಇದ್ದರೆ, ನಡೆಸಿ ಮತ್ತೆ ಅಳೀತಾರೆ. ರೋಗ ಇದ್ದರೆ ನಡೆದ ಮೇಲೆ ಅಂಕಿ ಬಿದ್ದಿರ್ತದೆ.

ಅಷ್ಟು ಆದ ಮೇಲೆ ದೊಡ್ಡಪ್ಪ ಕೇಳಿದ ಮೊದಲ ಪ್ರಶ್ನೆ, "ಕಾಲ್ ಕಡಿಯುಕ್ ಉಂಟಾ ಡಾಕ್ಟ್ರೆ?" ಡಾಕ್ಟರ್ ನಕ್ಕು, "ಕಾಲಿನ ಬಗ್ಗೆ ನನಗೆ ಅಷ್ಟು ಹೆದರಿಕೆ ಇಲ್ಲ. ನಿಮ್ಮ ಹಾರ್ಟ್ ಬಗ್ಗೆ ಇದೆ" ಅಂದ್ರು. ದೊಡ್ಡಪ್ಪನಿಗೆ ಇದು ಅರ್ಥವೇ ಆಗಲಿಲ್ಲ. ಎದೆ ನೋವು ಇಲ್ಲ, ಇಸಿಜಿ ಸರಿ ಇದೆ, ಕಾಲು ತೋರಿಸೋಕೆ ಬಂದದ್ದು!

ಅವರು ಹೇಳಿದ್ದು ಇಷ್ಟು. ಕಾಲಿನ ಕೊಳವೆಗೆ ಒಂದು ರೋಗ, ಹೃದಯದ ಕೊಳವೆಗೆ ಬೇರೆ ರೋಗ ಅಂತ ಇಲ್ಲ. ಒಂದೇ ರಕ್ತ, ಒಂದೇ ಹೊಗೆ, ಒಂದೇ ಸಕ್ಕರೆ ಎಲ್ಲ ಕಡೆ ಹೋಗಿದೆ. ಕಾಲಿನಲ್ಲಿ ಪದರ ಕಟ್ಟಿದೆ ಅಂದ್ರೆ ಹೃದಯದಲ್ಲಿ, ಮಿದುಳಿಗೆ ಹೋಗೋ ಕುತ್ತಿಗೆಯ ನಾಳದಲ್ಲಿ ಕಟ್ಟಿರೋ ಸಾಧ್ಯತೆ ಜಾಸ್ತಿ. ನಾನು ಆಮೇಲೆ ಓದಿ ನೋಡಿದೆ. 16 ಅಧ್ಯಯನಗಳನ್ನು ಒಟ್ಟು ಸೇರಿಸಿ 2008ರಲ್ಲಿ ಒಂದು ಲೆಕ್ಕ ಬಂದಿತ್ತು. ಈ ರೇಷಿಯೋ 0.90 ಅಥವಾ ಕೆಳಗಿದ್ದವರಿಗೆ ಹತ್ತು ವರ್ಷದಲ್ಲಿ ಹೃದಯಾಘಾತದಂಥ ದೊಡ್ಡ ಘಟನೆ ಅಥವಾ ಸಾವಿನ ಸಾಧ್ಯತೆ, ವಯಸ್ಸು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಒಂದೇ ತರ ಇರೋ ಗುಂಪಿನಲ್ಲೂ, ಸುಮಾರು ಎರಡು ಪಟ್ಟು. ಅಮೆರಿಕದ ಹೃದ್ರೋಗ ಸಂಸ್ಥೆಗಳ ಹಳೆಯ ಮಾರ್ಗಸೂಚಿಯಲ್ಲಿ ಇನ್ನೊಂದು ಅಂದಾಜು ಇದೆ. ನಡೆದಾಗ ಕಾಲು ನೋವು ಇರೋ ನೂರು ಜನರಲ್ಲಿ ಐದು ವರ್ಷದಲ್ಲಿ ಕಾಲು ಉಳಿಸೋದೇ ಕಷ್ಟ ಅನ್ನೋ ಹಂತಕ್ಕೆ ಹೋಗೋದು ಒಬ್ಬರು, ಇಬ್ಬರು. ಅದೇ ಅವಧಿಯಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿ ಬದುಕಿ ಉಳಿಯೋರು ಸುಮಾರು ಇಪ್ಪತ್ತು, ತೀರಿಹೋಗೋರು ಹದಿನೈದರಿಂದ ಮೂವತ್ತು, ಅದರಲ್ಲಿ ಹೆಚ್ಚಿನವರು ಹೃದಯ ಮತ್ತು ರಕ್ತನಾಳದ ಕಾರಣಕ್ಕೇ. ಈ ಎರಡು ಸಾಲು ಓದಿದ ದಿನ ನನಗೆ ಡಾಕ್ಟರ್ ಯಾಕೆ ಹಾಗೆ ನಕ್ಕರು ಅಂತ ಗೊತ್ತಾಯ್ತು.

ನಮ್ಮ ಅಜ್ಜಿಯ ಡಬ್ಬಿಯಲ್ಲಿ ಹಳೆ ನಾಣ್ಯ ಇದ್ದಾವೆ, ಕಿರೀಟ ಇಟ್ಟ ರಾಜನ ತಲೆ ಇರೋದು. ಆರನೇ ಜಾರ್ಜ್. ಅವರದ್ದೂ ಇದೇ ಕಥೆ ಮಾರಾಯ್ರೆ. ವಿಪರೀತ ಸಿಗರೇಟು. 1948ರಲ್ಲಿ, 52ನೇ ವಯಸ್ಸಿಗೆ, ಕಾಲು ಹಿಡಿಯೋಕೆ ಶುರುವಾಯ್ತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ ನಿಲ್ಲಿಸಬೇಕಾಯ್ತು. ಬಲಗಾಲು ಹೋಗ್ತದೆ ಅಂತ ವೈದ್ಯರಿಗೆ ಹೆದರಿಕೆ ಇತ್ತು. 1949ರ ಮಾರ್ಚಿನಲ್ಲಿ ಅರಮನೆಯಲ್ಲೇ ಆಪರೇಶನ್ ಮಾಡಿದ್ರು, ಸೊಂಟದ ಹತ್ರ ನರ ಕತ್ತರಿಸಿ ಕಾಲಿನ ರಕ್ತನಾಳ ಸಡಿಲ ಮಾಡೋದು, ಆ ಕಾಲದ ಚಿಕಿತ್ಸೆ. ಕಾಲು ಉಳೀತು. 1951ರಲ್ಲಿ ಕ್ಯಾನ್ಸರ್ ಅಂತ ಒಂದು ಶ್ವಾಸಕೋಶ ತೆಗೆದ್ರು. 1952ರ ಫೆಬ್ರವರಿ 6ರಂದು ನಿದ್ದೆಯಲ್ಲೇ ಹೋದ್ರು. ಆಗ ಹೇಳಿದ ಕಾರಣ ಹೃದಯದ ರಕ್ತನಾಳದಲ್ಲಿ ಹೆಪ್ಪು. ಎಲ್ಲರ ಕಣ್ಣೂ ಕಾಲಿನ ಮೇಲೆ, ಶ್ವಾಸಕೋಶದ ಮೇಲೆ ಇತ್ತು. ಸ್ಟ್ಯಾಟಿನ್ ಇಲ್ಲ, ಬಿಪಿಗೆ ಒಳ್ಳೆ ಮಾತ್ರೆ ಇಲ್ಲ, ಆ ಕಾಲದಲ್ಲಿ ಮಾಡೋದಕ್ಕೂ ಹೆಚ್ಚೇನೂ ಇರಲಿಲ್ಲ. ಇವತ್ತು ಕುಂದಾಪುರದ ಮೆಡಿಕಲ್‌ನಲ್ಲಿ ಸಿಗೋ ಮಾತ್ರೆ ಅವತ್ತು ಚಕ್ರವರ್ತಿಗೂ ಸಿಕ್ಕಿರಲಿಲ್ಲ.

ದೊಡ್ಡಪ್ಪನಿಗೆ ಬರೆದದ್ದು ಹೀಗೆ. ಬೀಡಿ ಪೂರ್ತಿ ಬಂದ್, ಕಡಿಮೆ ಮಾಡೋದು ಅಂತ ಇಲ್ಲ. ಕಾಲಿನ ರಕ್ತನಾಳಕ್ಕೆ ತಂಬಾಕಿನಷ್ಟು ಹಾನಿ ಮಾಡೋದು ಬೇರೆ ಕಡಿಮೆ. (ನಲವತ್ತೈದರ ಒಳಗಿನ, ಜೋರಾಗಿ ಬೀಡಿ ಸಿಗರೇಟು ಸೇದೋ ಯುವಕರಿಗೆ ಬರ್ಗರ್ಸ್ ಅಂತ ಬೇರೆಯೇ ಒಂದು ರೋಗ ಬರ್ತದೆ, ಪಾದದ ಸಣ್ಣ ನಾಳಗಳೇ ಮುಚ್ಚಿ ಬೆರಳು ಕಪ್ಪಾಗೋದು. ಅದಕ್ಕೆ ತಂಬಾಕು ಬಿಡೋದೇ ಮುಖ್ಯ ಮದ್ದು.) ಮತ್ತೆ ಒಂದು ಸ್ಟ್ಯಾಟಿನ್ ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಕ್ಲೋಪಿಡೋಗ್ರೆಲ್, ಕೆಲವರಿಗೆ ಅದರ ಬದಲು ಆಸ್ಪಿರಿನ್ ಕೊಡ್ತಾರೆ. ಬಿಪಿ, ಸಕ್ಕರೆ ಹಿಡಿತಕ್ಕೆ ತರೋದು.

ಎರಡು ತಿಂಗಳಿಗೆ ಕೊಲೆಸ್ಟ್ರಾಲ್ ರಿಪೋರ್ಟ್ ನಾರ್ಮಲ್ ಬಂತು. ದೊಡ್ಡಪ್ಪ ಯಾರಿಗೂ ಹೇಳದೆ ಸ್ಟ್ಯಾಟಿನ್ ನಿಲ್ಲಿಸಿದ್ರು. "ನಾರ್ಮಲ್ ಬಂತಲ, ಮತ್ತೆಂತಕ್ಕೆ?" ಇದು ಎಲ್ಲ ಮನೆಯಲ್ಲೂ ನಡೆಯೋದೇ. ನಾರ್ಮಲ್ ಬಂದದ್ದು ಮಾತ್ರೆಯಿಂದ. ಮತ್ತೆ ಈ ಮಾತ್ರೆ ಕೊಟ್ಟದ್ದು ರಿಪೋರ್ಟಿನ ಅಂಕಿಗೆ ಅಲ್ಲ, ಆಗಲೇ ಕಟ್ಟಿರೋ ಪದರ ಒಡೆದು ಹೆಪ್ಪಾಗದ ಹಾಗೆ ಅದನ್ನು ಗಟ್ಟಿ ಇಡೋದಕ್ಕೆ. ದೊಡ್ಡಮ್ಮ ಸ್ಟ್ರಿಪ್ ಎಣಿಸಿ ಹಿಡಿದ್ರು, ಇಲ್ಲದಿದ್ದರೆ ನಮಗೆ ಗೊತ್ತೇ ಆಗ್ತಿರಲಿಲ್ಲ.

ನಡಿಗೆಯನ್ನು ಔಷಧಿ ತರ ಬರೆದುಕೊಟ್ಟಿದ್ದು ನನಗೆ ಹೊಸದು. ವಾರಕ್ಕೆ ಕನಿಷ್ಠ ಮೂರು ದಿನ, ಒಂದು ಸಲಕ್ಕೆ ಮೂವತ್ತರಿಂದ ನಲವತ್ತೈದು ನಿಮಿಷ, ಕನಿಷ್ಠ ಹನ್ನೆರಡು ವಾರ. ನೋವು ಶುರುವಾದ ಕೂಡಲೇ ನಿಲ್ಲಬಾರದು, ಮಧ್ಯಮ ನೋವಿನವರೆಗೆ ನಡೀಬೇಕು. ಆಮೇಲೆ ಪೂರ್ತಿ ಹೋಗುವವರೆಗೆ ನಿಲ್ಲಬೇಕು, ಮತ್ತೆ ನಡೀಬೇಕು. ನಿಂತ ಹೊತ್ತೂ ಲೆಕ್ಕಕ್ಕೆ ಸೇರ್ತದೆ. ಇದರಿಂದ ತಡೆ ಕರಗೋದಿಲ್ಲ. ಇದ್ದ ರಕ್ತದಲ್ಲೇ ಸ್ನಾಯು ಚೆನ್ನಾಗಿ ಕೆಲಸ ಮಾಡೋದು ಕಲೀತದೆ, ಅಕ್ಕಪಕ್ಕದ ಸಣ್ಣ ನಾಳಗಳೂ ಸ್ವಲ್ಪ ಸಹಾಯಕ್ಕೆ ಬರ್ತಾವೆ. ಗಾಯ ಇರೋರು, ಮಲಗಿದಾಗಲೂ ನೋವು ಇರೋರು ಹೀಗೆ ಮಾಡುವ ಹಾಗಿಲ್ಲ, ಅವರದ್ದು ಬೇರೆ ದಾರಿ. ಎಲ್ಲರೂ ಡಾಕ್ಟರ್ ಹತ್ರ ಕೇಳಿಯೇ ಶುರು ಮಾಡಬೇಕು, ಯಾಕೆ ಅಂತ ಈಗ ಹೇಳ್ತೇನೆ.

ದೊಡ್ಡಪ್ಪ ಸಮತಟ್ಟು ರಸ್ತೆಯಲ್ಲಿ ಶುರು ಮಾಡಿದ್ರು. ಬೀಡಿ ಎರಡು ಸಲ ಬಿಟ್ಟು, ಎರಡು ಸಲ ಹಿಡಿದು, ಮೂರನೇ ಸಲ ಬಿಟ್ಟರು. ಮೂರು ತಿಂಗಳಿಗೆ ನಡೆಯೋ ದೂರ ದುಪ್ಪಟ್ಟು ದಾಟಿತು. ಒಂದು ದಿನ ಏರಿನಲ್ಲಿ ಕಂಬ ದಾಟಿ ಹೋದ್ರು, ನಿಲ್ಲಲೇ ಇಲ್ಲ. ಮನೆಯಲ್ಲಿ ಖುಷಿಯೋ ಖುಷಿ. ಆ ವಾರದಲ್ಲೇ, ದೇವಸ್ಥಾನ ಹತ್ರ ಬರುವಾಗ, ಎದೆ ಬಿಗಿದ ಹಾಗೆ ಆಯ್ತು. ನಿಂತ್ರು, ಹೋಯ್ತು. ಮರುದಿನ ಮತ್ತೆ.

ನಿಮಗೆ ಗೊತ್ತಾಯ್ತಲ್ವಾ? ನಡೆದಾಗ ಬರ್ತದೆ, ನಿಂತರೆ ಹೋಗ್ತದೆ. ಮೀನಖಂಡದಲ್ಲಿ ಇದ್ದದ್ದು ಎದೆಯಲ್ಲಿ. ಇಷ್ಟು ವರ್ಷ ಎದೆ ನೋವು ಬರದೆ ಇದ್ದದ್ದು ಹೃದಯ ಚೆನ್ನಾಗಿತ್ತು ಅಂತ ಅಲ್ಲ. ಹೃದಯಕ್ಕೆ ಕಷ್ಟ ಆಗುವಷ್ಟು ನಡೆಯೋಕೆ ಕಾಲು ಬಿಡ್ತಿರಲಿಲ್ಲ. ಕಾಲು ಬ್ರೇಕ್ ಹಾಕ್ತಿತ್ತು. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸರಿ ಬಂದದ್ದಕ್ಕೂ ಅದೇ ಕಾರಣ, ಅದು ಆ ಹೊತ್ತಿನ ಚಿತ್ರ ಮಾತ್ರ.

ಡಾಕ್ಟರ್ ಮೊದಲ ದಿನವೇ ಹೇಳಿದ್ದ ಒಂದು ಮಾತು ಅವತ್ತು ಉಪಯೋಗಕ್ಕೆ ಬಂತು. "ನಡೆಯುವಾಗ ಎದೆ, ದವಡೆ, ಎಡಗೈ ಎಲ್ಲಾದರೂ ಹಿಡಿದ ಹಾಗೆ ಆದ್ರೆ, ಉಸಿರು ಕಟ್ಟಿದ್ರೆ, ನಡಿಗೆ ನಿಲ್ಲಿಸಿ ಅದೇ ದಿನ ಬನ್ನಿ." ದೊಡ್ಡಪ್ಪ ಗ್ಯಾಸ್ ಅಂದ್ರು. ನಾವು ಕೇಳಲಿಲ್ಲ. ಆಂಜಿಯೋಗ್ರಾಮ್ ಆಯ್ತು, ಹೃದಯದ ಮುಂಭಾಗದ ಮುಖ್ಯ ನಾಳ ಒಂದು ಕಡೆ ತುಂಬಾ ಕಿರಿದಾಗಿತ್ತು. ಸ್ಟೆಂಟ್ ಹಾಕಿದ್ರು. ಆಘಾತ ಆಗುವ ಮೊದಲೇ ಸಿಕ್ಕಿತು.

ಹಾಗಂತ ಕಾಲು ನೋವು ಬಂದವರೆಲ್ಲ ಹೋಗಿ ಆಂಜಿಯೋಗ್ರಾಮ್ ಮಾಡಿಸಿ ಅಂತ ನಾನು ಹೇಳ್ತಾ ಇಲ್ಲ. ಎದೆಯ ಲಕ್ಷಣ ಇಲ್ಲದವರಿಗೆ ಅದನ್ನು ಸುಮ್ಮನೆ ಮಾಡೋ ಪದ್ಧತಿ ಇಲ್ಲ. ಮಾತ್ರೆ, ತಂಬಾಕು ಬಿಡೋದು, ಬಿಪಿ, ಸಕ್ಕರೆ, ಇದು ಎಲ್ಲರಿಗೂ. ಹಾಗೇ ಕಾಲಿನ ತಡೆಯನ್ನು ಬಲೂನ್, ಸ್ಟೆಂಟ್, ಬೈಪಾಸ್ ಮಾಡಿ ತೆಗೆಯೋದೂ ಎಲ್ಲರಿಗೂ ಬೇಕಾಗೋದಿಲ್ಲ. ಮಾತ್ರೆ, ನಡಿಗೆ ಮಾಡಿಯೂ ದಿನದ ಕೆಲಸವೇ ನಡೀದಿದ್ರೆ, ಅಥವಾ ಕಾಲಿಗೇ ಅಪಾಯ ಇದ್ರೆ. ದೊಡ್ಡಪ್ಪನ ಕಾಲಿಗೆ ಇಲ್ಲಿಯವರೆಗೆ ಏನೂ ಮಾಡಿಲ್ಲ. ನಡಿಗೆ ದೂರ ಹೆಚ್ಚಿಸೋಕೆ ಸಿಲೋಸ್ಟಜೋಲ್ ಅಂತ ಮಾತ್ರೆ ಇದೆ, ಆದರೆ ಹೃದಯ ದುರ್ಬಲವಾಗಿ ಹಾರ್ಟ್ ಫೇಲ್ಯೂರ್ ಇರೋರು ಅದನ್ನು ತಗೊಳ್ಳುವ ಹಾಗೇ ಇಲ್ಲ. ಪಕ್ಕದ ಮನೆಯವರದ್ದು ಕೇಳಿ ಮೆಡಿಕಲ್‌ನಿಂದ ತರಬೇಡಿ.

ಕಾಯಬಾರದ ವಿಷಯ ಹೇಳಿ ಮುಗಿಸ್ತೇನೆ. ರಾತ್ರಿ ಮಲಗಿದಾಗ ಪಾದ, ಬೆರಳು ನೋವಾಗಿ, ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟರೆ ಮಾತ್ರ ಕಡಿಮೆ ಆಗೋದು. ಎರಡು ವಾರ ಆದರೂ ಒಣಗದ ಗಾಯ. ಕಪ್ಪಾಗೋ ಬೆರಳು. ಇದೆಲ್ಲ ಆ ವಾರದಲ್ಲೇ ರಕ್ತನಾಳದ ಡಾಕ್ಟರ್‌ಗೆ ತೋರಿಸಬೇಕಾದ್ದು. ಇನ್ನು ಒಂದು ಕಾಲು ಏಕಾಏಕಿ ತಣ್ಣಗೆ, ಬಿಳಿಚಿಕೊಂಡು, ವಿಪರೀತ ನೋವಾಗಿ, ಮರಗಟ್ಟಿ, ಬೆರಳು ಆಡಿಸೋಕೆ ಆಗದೆ ಹೋದ್ರೆ ಅದು ಹೆಪ್ಪು ಬಂದು ಪೂರ್ತಿ ಮುಚ್ಚಿದ್ದು. ಸುಮಾರು ಆರು ಗಂಟೆಯೊಳಗೆ ರಕ್ತ ಹರಿಸಬೇಕು. ಬಿಸಿ ಎಣ್ಣೆ ತಿಕ್ಕಿ, ಬೆಳಿಗ್ಗೆವರೆಗೆ ನೋಡುವ ಅಂತ ಕೂರಬಾರದು. 108ಕ್ಕೆ ಫೋನ್ ಮಾಡಿ, ರಕ್ತನಾಳದ ಆಪರೇಶನ್ ಮಾಡೋ ದೊಡ್ಡ ಆಸ್ಪತ್ರೆಗೇ ಹೋಗಬೇಕು. ನಮ್ಮ ಕಡೆಯಿಂದ ಅಂದ್ರೆ ಮಣಿಪಾಲವೋ ಮಂಗಳೂರೋ, ಹೊರಡುವ ಮೊದಲೇ ಅಲ್ಲಿ ಇದ್ದಾರಾ ಅಂತ ಫೋನಿನಲ್ಲಿ ಕೇಳ್ಕೊಂಡು. ತಣ್ಣಗಾದ ಕಾಲಿಗೆ ಬಿಸಿನೀರಿನ ಚೀಲ ಕೂಡ ಬೇಡ. ಸಕ್ಕರೆಯವರಿಗೆ ಸುಟ್ಟದ್ದು ಗೊತ್ತಾಗೋದಿಲ್ಲ, ಆ ಗಾಯ ಒಣಗೋಕೆ ರಕ್ತವೂ ಇಲ್ಲ.

ಮೊನ್ನೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಎಬಿಐ ಮತ್ತೆ ಮಾಡಿಸಿದ್ದು ಬಂದಿತ್ತು, ಬಲಗಾಲು 0.62. "ಇಷ್ಟ್ ನಡೆದ್ ಎಂತ ಆಯ್ತ್, ಎರಡ್ ಪೈಸೆ ಏರಿದ್" ಅಂತ ಬೇಜಾರು ಮಾಡ್ಕೊಂಡಿದ್ರು. ನಾನು ಹೇಳಿದೆ, ನಡಿಗೆಯಿಂದ ಈ ಅಂಕಿ ಹೆಚ್ಚು ಬದಲಾಗೋದಿಲ್ಲ ಅಂತ ಮೊದಲೇ ಹೇಳಿದ್ರಲ್ಲ, ನೀವು ಎಲ್ಲಿವರೆಗೆ ನಡೀತೀರಿ ಅನ್ನೋದು ನೋಡಿ. ಈಗ ಅವರು ಹೃದಯದ ಡಾಕ್ಟರ್ ಹೇಳಿದ ವೇಗದಲ್ಲಿ ಏರು ಹತ್ತುತ್ತಾರೆ. ಆ ಸಾಕ್ಸ್ ಇನ್ನೂ ಕಪಾಟಿನಲ್ಲೇ ಇದೆ, ದೊಡ್ಡಮ್ಮ ಯಾರಿಗೂ ಕೊಡೋಕೆ ಬಿಡ್ತಾ ಇಲ್ಲ.

ಪ್ರಶ್ನೆ ಇದ್ದರೆ ಕಳಿಸಿ. ಮುಂದಿನ ವಾರ ವಿಮೆಯ ಉಳಿದ ಭಾಗ. ಸಿಗುವ.